ಹನ್ನೆರಡು ನಿಮಿಷದ ಭಾಷಣ, ಎಂಟು ವಾರದ ಚೌಕಾಬಾರ

ಗುರುವಾರ ರಾತ್ರಿ ಹತ್ತೂವರೆಗೆ ಫೋನಿಗೆ ಒಂದು ಪಿಪಿಟಿ ಬಂತು. ಕಳಿಸಿದ್ದು ನಮ್ಮ ಚಿಕ್ಕಮ್ಮನ ಪಕ್ಕದ ಮನೆ ಹುಡುಗಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಳು. ಕೆಳಗೆ ಒಂದು ಸಾಲು: "ಅಕ್ಕಾ, ಶನಿವಾರ ಟೀಮ್‌ಗೆ ಮೊದಲ್ನೇ ದಿನ ಮಾತಾಡ್ಬೇಕು. ಇದು ಸರಿ ಇದ್ಯಾ ನೋಡ್ತೀರಾ?"

ನಾನು ಬೆಂಗಳೂರಿನಲ್ಲಿ ಗೇಮ್ ಮಾಡುವ ಕಂಪನಿಯಲ್ಲಿ ಪ್ರೋಗ್ರಾಮರ್. ಅವಳ ತಂಡದಲ್ಲಿ ಏಳು ಜನ. ಅವಳು ಲೀಡ್. ಕೋಡ್ ಬರೆಯಲು ಇನ್ನಿಬ್ಬರು, ಚಿತ್ರಕ್ಕೆ ಇಬ್ಬರು, ಸದ್ದಿಗೆ ಒಬ್ಬ. ಏಳನೆಯವಳು ಮೊದಲ ವರ್ಷದ ಹುಡುಗಿ. "ನಂಗೆ ಏನೂ ಬರಲ್ಲ, ಆದ್ರೆ ಬರ್ತೀನಿ" ಅಂತ ಸೇರಿಕೊಂಡಿದ್ದಳು. ಯಾರಿಗೂ ಸಂಬಳ ಇಲ್ಲ, ಮಾರ್ಕ್ಸ್ ಇಲ್ಲ. ಯಾರೂ ಮೊದಲು ಗೇಮ್ ಮಾಡಿದವರಲ್ಲ.

ಪಿಪಿಟಿಯಲ್ಲಿ 34 ಸ್ಲೈಡ್ ಇತ್ತು. ಮೊದಲ ಹತ್ತರಲ್ಲಿ ಕನಸಿನ ಬಗ್ಗೆ ಮಾತು. ಆಮೇಲೆ ಗೇಮ್: ಕೃಷ್ಣದೇವರಾಯನ ಕಾಲದ ಹಂಪಿ. ಬಜಾರಿನಲ್ಲಿ ಓಡಾಡಬಹುದು, ಕುದುರೆ ಹತ್ತಬಹುದು, ಗೂಢಚಾರನಾಗಿ ಹನ್ನೆರಡು ಕೆಲಸ ಮುಗಿಸಬೇಕು. ಕೊನೇ ಸ್ಲೈಡ್‌ನಲ್ಲಿ "ನಾವು ಒಂದು ಕುಟುಂಬ" ಅಂತ ಇತ್ತು.

ಓದಿ ನನಗೆ ನಗು ಬರಲಿಲ್ಲ. ನನ್ನ ಕಾಲೇಜು ದಿನಗಳಲ್ಲಿ ನಾನೂ ಇಂಥದ್ದೇ ತಂಡದಲ್ಲಿದ್ದೆ. ಅದು ಐದು ವಾರದಲ್ಲಿ ಸದ್ದಿಲ್ಲದೆ ಸತ್ತಿತ್ತು. ಯಾರೂ ಜಗಳ ಆಡಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬದ ಶುಭಾಶಯ ಮಾತ್ರ ಉಳಿಯಿತು.

ಅವಳಿಗೆ ಫೋನ್ ಮಾಡಿದೆ. ಆ ಮಾತು, ಶನಿವಾರ ಅವಳು ಆಡಿದ ಭಾಷಣ, ಆಮೇಲೆ ಎಂಟು ವಾರ ಆಗಿದ್ದು, ಇಷ್ಟೂ ಇಲ್ಲಿದೆ.

ಮೊದಲು ಲೆಕ್ಕ

"ವಾರಕ್ಕೆ ಒಬ್ಬೊಬ್ರು ಎಷ್ಟು ಹೊತ್ತು ಕೊಡ್ತೀರ?" ಅಂತ ಕೇಳಿದೆ.

"ದಿನಾ ಎರಡು ಗಂಟೆ ಅಕ್ಕಾ."

"ನಿಜ ಹೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಶನಿವಾರ ಸಂಜೆ ಎರಡು ಗಂಟೆ. ಮಧ್ಯ ಇನ್ನೊಂದೆರಡು."

ಅಂದರೆ ವಾರಕ್ಕೆ ನಾಲ್ಕು ಗಂಟೆ. ಕೈಯಲ್ಲಿರುವುದು ಹತ್ತು ವಾರ. ಅದರಲ್ಲಿ ಎರಡು ವಾರ ಇಂಟರ್ನಲ್ಸ್‌ಗೆ ಹೋಗುತ್ತದೆ. ಉಳಿದದ್ದು ಎಂಟು. ಏಳು ಜನ, ನಾಲ್ಕು ಗಂಟೆ, ಎಂಟು ವಾರ: 224 ಗಂಟೆ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ಒಬ್ಬರೇ ಒಬ್ಬರಿಗೆ ಇದು 28 ದಿನದ ಕೆಲಸ. ಏಳು ಜನರ ಇಡೀ ಸೆಮಿಸ್ಟರ್ ಅಂದರೆ ಒಬ್ಬ ಉದ್ಯೋಗಿಯ ಒಂದು ತಿಂಗಳು ಚಿಲ್ಲರೆ. ಅದೂ ಕೆಲಸ ಗೊತ್ತಿರುವ ಉದ್ಯೋಗಿ ಅಲ್ಲ, ಕಲಿಯುತ್ತಾ ಮಾಡುವವನು.

ಇನ್ನು ಹಂಪಿಯ ಲೆಕ್ಕ. ಗೂಢಚಾರ ಮೇಲಿನಿಂದ ಕಾಣುವ ಹಾಗೆ ನಾಲ್ಕು ದಿಕ್ಕಿಗೆ ನಡೆಯಬೇಕು. ಒಂದು ದಿಕ್ಕಿನ ನಡಿಗೆಗೆ ಎಂಟು ಚಿತ್ರ ಅಂತ ಇಟ್ಟುಕೊಂಡರೆ ಒಟ್ಟು 32. ಒಂದೊಂದಕ್ಕೆ ಅರ್ಧ ಗಂಟೆ ಅಂದರೂ 16 ಗಂಟೆ. ಒಬ್ಬ ಕಲಾವಿದನ ನಾಲ್ಕು ವಾರ. ಎಡಕ್ಕೆ ನಡೆಯುವ ಚಿತ್ರವನ್ನು ತಿರುಗಿಸಿ ಬಲಕ್ಕೆ ಬಳಸಿದರೆ ಮೂರು ವಾರಕ್ಕೆ ಇಳಿಯುತ್ತದೆ. ಇದು ಬರೀ ನಡಿಗೆ. ಕುದುರೆ ಇನ್ನೂ ಬಂದಿಲ್ಲ, ಬಜಾರಂತೂ ಇಲ್ಲವೇ ಇಲ್ಲ.

ಅವಳಿಗೆ ಬೇಜಾರಾಯಿತು, ದನಿಯಲ್ಲೇ ಗೊತ್ತಾಗುತ್ತಿತ್ತು. ಆದರೆ ಈ ಬೇಜಾರು ಗುರುವಾರ ರಾತ್ರಿ ಒಬ್ಬಳಿಗೆ ಆಗುವುದು ವಾಸಿ. ಐದನೇ ವಾರದಲ್ಲಿ ಏಳೂ ಜನರಿಗೆ ಆದರೆ ತಂಡ ಇರುವುದಿಲ್ಲ.

"ಹಾಗಾದ್ರೆ ಏನು ಮಾಡೋದು?"

"ನಿಮ್ಮಲ್ಲಿ ಎಲ್ರಿಗೂ ಆಡಕ್ಕೆ ಬರೋ ಆಟ ಯಾವುದು?"

ಅವಳು ಯೋಚಿಸಲೂ ಇಲ್ಲ. "ಚೌಕಾಬಾರ."

ಇದು ಒಳ್ಳೆಯ ಉತ್ತರ, ಯಾಕೆಂದರೆ ಮನೆ ಎಣಿಸಬಹುದು. ಐದಕ್ಕೆ ಐದು, 25 ಮನೆ. ಹೊರಸುತ್ತು 16, ಒಳಸುತ್ತು 8, ನಡುವೆ ಹಣ್ಣಾಗುವ ಮನೆ 1. ನಾಲ್ಕು ಕವಡೆ, ಒಬ್ಬರಿಗೆ ನಾಲ್ಕು ಕಾಯಿ. ತನ್ನ ಮನೆಯಿಂದ ಹೊರಟ ಕಾಯಿ ಹಣ್ಣಾಗಲು 24 ಹೆಜ್ಜೆ. ನಡೆಯುವ ಚಿತ್ರ ಬೇಡ, ಕಾಯಿ ಜರುಗಿದರೆ ಸಾಕು. ಒಂದೇ ಲ್ಯಾಪ್‌ಟಾಪಿನಲ್ಲಿ ಇಬ್ಬರು ಕೂತು ಆಡುವ ಹಾಗೆ ಮಾಡಿದರೆ ಕಂಪ್ಯೂಟರಿಗೆ ಆಡಲು ಕಲಿಸುವ ಕೆಲಸವೂ ಇಲ್ಲ, ಇಂಟರ್‌ನೆಟ್‌ನಲ್ಲಿ ಇಬ್ಬರನ್ನು ಜೋಡಿಸುವ ಕೆಲಸವೂ ಇಲ್ಲ. 224 ಗಂಟೆಗೆ ಇದು ಹಿಡಿಸುತ್ತದೆ. ಅದೂ ಸಲೀಸಾಗಿ ಅಲ್ಲ, ಒತ್ತಿ ಹಿಡಿಸಬೇಕು.

ಶನಿವಾರ ಅವಳು ಹೇಳಿದ್ದು

ಪಿಪಿಟಿ ಬಿಟ್ಟಳು. ಒಂದು ಕ್ಲಾಸ್ ರೂಮ್, ಕಪ್ಪು ಹಲಗೆ, ಚಾಕ್‌ಪೀಸ್. ಮಾತು ಮುಗಿಯಲು 12 ನಿಮಿಷ ಹಿಡಿಯಿತು. ಮೊದಲ ವರ್ಷದ ಹುಡುಗಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು, ಆಮೇಲೆ ನಾನು ಕೇಳಿದೆ. ಶುರು ಆಗಿದ್ದು ಹೀಗೆ:

"ಎಲ್ರಿಗೂ ಹಂಪಿ ಗೇಮ್ ಅಂತ ಹೇಳಿ ಕರೆದಿದ್ದೆ. ಅದನ್ನ ಮಾಡ್ತಿಲ್ಲ. ಸಾರಿ. ಯಾಕೆ ಅಂತ ಈ ಲೆಕ್ಕ ನೋಡಿ." ಹಲಗೆ ಮೇಲೆ 7 × 4 × 8 ಬರೆದಳು. "ಇಷ್ಟೇ ನಮ್ಮ ಹತ್ರ ಇರೋದು. ಇದರಲ್ಲಿ ಚೌಕಾಬಾರ ಆಗತ್ತೆ. ಇಬ್ರು ಆಡೋದು, ಒಂದೇ ಸ್ಕ್ರೀನು, ಬ್ರೌಸರಲ್ಲಿ ಓಪನ್ ಆಗ್ಬೇಕು. ಹತ್ತನೇ ವಾರದ ಶನಿವಾರ ಸಂಜೆ ಐದಕ್ಕೆ itch.io ಅನ್ನೋ ಗೇಮ್ ಸೈಟಿಗೆ ಹಾಕ್ತೀವಿ. ಹೇಗಿದ್ಯೋ ಹಾಗೆ. ಆ ದಿನ ಬದಲಾಗಲ್ಲ, ಗೇಮಲ್ಲಿರೋ ವಸ್ತು ಬೇಕಾದ್ರೆ ಕಮ್ಮಿ ಆಗತ್ತೆ."

ಹಿಂದಿನಿಂದ ಯಾರೋ "ಹೋ..." ಅಂತ ರಾಗ ಎಳೆದದ್ದು ರೆಕಾರ್ಡಿಂಗಿನಲ್ಲಿ ಕೇಳಿಸುತ್ತದೆ. ಒಬ್ಬ ಕೇಳಿದ: "ಚೌಕಾಬಾರ ಆಲ್ರೆಡಿ ಪ್ಲೇ ಸ್ಟೋರಲ್ಲಿ ಇದ್ಯಲ್ಲಾ?" ಅವಳು, "ಇದೆ. ನಾವು ಮಾಡಿರೋದು ಇಲ್ಲ" ಅಂದಳು. ಈ ಉತ್ತರ ನಾನು ಹೇಳಿಕೊಟ್ಟದ್ದಲ್ಲ.

ಆಮೇಲೆ ಬೇಡದ ವಸ್ತುಗಳ ಪಟ್ಟಿ ಬರೆದಳು. ಇದು ನನ್ನ ಪ್ರಕಾರ ಭಾಷಣದ ಅತಿ ಉಪಯೋಗದ ಭಾಗ. ನಾಲ್ಕು ಜನ ಆಡುವುದು ಇಲ್ಲ. ಕಂಪ್ಯೂಟರ್ ಎದುರಾಳಿ ಇಲ್ಲ. ಲಾಗಿನ್ ಇಲ್ಲ. ಮೂರು ಆಯಾಮದ ಚಿತ್ರ ಇಲ್ಲ. ನಿಯಮ ಬದಲಿಸುವ ಸೆಟ್ಟಿಂಗ್ಸ್ ಇಲ್ಲ. ಹಲಗೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು. ಇರುವುದರ ಪಟ್ಟಿ ಎಲ್ಲರೂ ಮಾಡುತ್ತಾರೆ. ಆದರೆ ಮೂರನೇ ವಾರದಲ್ಲಿ ಯಾರಿಗೋ ಹೊಸ ಐಡಿಯಾ ಹೊಳೆದಾಗ ಕೈಗೆ ಬರುವುದು ಇಲ್ಲದ್ದರ ಪಟ್ಟಿ.

ಆ ಕೊನೆಯ "ಇಲ್ಲ"ಕ್ಕೇ ಜಗಳ ಶುರುವಾಯಿತು. ಚೌಕಾಬಾರಕ್ಕೆ ಮನೆಗೊಂದು ನಿಯಮ ಅಲ್ವಾ. ಒಬ್ಬನ ಮನೆಯಲ್ಲಿ ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇನ್ನೊಬ್ಬಳ ಮನೆಯಲ್ಲಿ ಹಾಗೇನೂ ಇಲ್ಲ. ಒಬ್ಬರ ಮನೆಯಲ್ಲಿ ಜೋಡಿ ಕಾಯಿ ಕಟ್ಟಬಹುದು, ಇನ್ನೊಬ್ಬರ ಮನೆಯಲ್ಲಿ ಆ ಮಾತೇ ಕೇಳಿಲ್ಲ. "ಎಲ್ಲಾನೂ ಆಪ್ಷನ್ ಕೊಟ್ಬಿಡೋಣ" ಅಂದ ಕೋಡ್ ಬರೆಯುವ ಹುಡುಗ. ಕೇಳಲು ಚೆನ್ನಾಗಿದೆ. ಆದರೆ ಹೌದು-ಇಲ್ಲ ಎಂಬ ಮೂರು ಆಯ್ಕೆ ಕೊಟ್ಟರೆ ಎಂಟು ಬೇರೆ ಬೇರೆ ಆಟ. ಎಂಟನ್ನೂ ಆಡಿ ನೋಡಬೇಕು.

ಇದು ಬರುತ್ತದೆ ಅಂತ ಗುರುವಾರವೇ ಅಂದುಕೊಂಡಿದ್ದೆವು. ಅದಕ್ಕೇ ಭಾಷಣದ ಎರಡನೇ ಭಾಗ: ಯಾರು ತೀರ್ಮಾನ ಮಾಡುವುದು.

"ಚಿತ್ರ ಹೇಗಿರ್ಬೇಕು ಅನ್ನೋದು ಚಿತ್ರ ಬರೆಯೋರ ಇಷ್ಟ. ಕೋಡ್ ಹೇಗೆ ಅನ್ನೋದು ಕೋಡ್ ಬರೆಯೋರ ಇಷ್ಟ. ನಾನು ತಲೆ ಹಾಕಲ್ಲ. ಎರಡು ಕಡೆಯವ್ರಿಗೂ ಸಂಬಂಧ ಪಡೋದಾದ್ರೆ, ಹತ್ತು ನಿಮಿಷ ಮಾತಾಡೋಣ. ಆಗ್ಲೂ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ನಾನು ಹೇಳ್ತೀನಿ, ಅದೇ ಆಗತ್ತೆ. ತಪ್ಪಾಗಿದ್ರೂ. ವೋಟ್ ಹಾಕಲ್ಲ."

ವೋಟ್ ಬೇಡ ಅಂದದ್ದು ನಾನೇ. ಏಳು ಜನರಲ್ಲಿ ನಾಲ್ಕು-ಮೂರು ಆದರೆ ಆ ಮೂವರು ಪ್ರತಿ ವಾರ ಆ ವಿಷಯ ಮತ್ತೆ ಎತ್ತುತ್ತಾರೆ. ಸಂಬಳ ಇಲ್ಲದ ಕಡೆ ಸೋತವರು ಕೆಲಸ ನಿಧಾನ ಮಾಡುತ್ತಾರೆ, ಅವರಿಗೇ ಗೊತ್ತಿಲ್ಲದ ಹಾಗೆ. ಒಬ್ಬಳ ತೀರ್ಮಾನಕ್ಕೆ ಬಯ್ಯಬಹುದು, ಬಯ್ದು ಮುಂದೆ ಹೋಗಬಹುದು.

ಅವಳು ಅಲ್ಲೇ ಮೊದಲ ತೀರ್ಮಾನ ಕೊಟ್ಟಳು: ಹೊಡೆಯದೆಯೂ ಒಳಗೆ ಹೋಗಬಹುದು, ಜೋಡಿ ಇಲ್ಲ, ಗುರುತು ಹಾಕಿದ ಮನೆಯಲ್ಲಿ ಹೊಡೆಯುವಂತಿಲ್ಲ, ಚೌಕ ಅಂದರೆ ನಾಲ್ಕು, ಬಾರ ಅಂದರೆ ಎಂಟು, ಇವೆರಡರಲ್ಲಿ ಒಂದು ಬಿದ್ದರೆ ಇನ್ನೊಂದು ಸಲ ಕವಡೆ ಹಾಕಬಹುದು. ಈ ನಿಯಮಗಳನ್ನು ಒಂದು ಪುಟದಲ್ಲಿ ಬರೆದು ಕಾಯುವ ಕೆಲಸ ಮೊದಲ ವರ್ಷದ ಹುಡುಗಿಗೆ. ಏನೂ ಬರಲ್ಲ ಅಂದವಳಿಗೆ ಅವತ್ತಿಂದ ಒಂದು ಅಧಿಕಾರ ಬಂತು. ಯಾರಿಗೆ ಅನುಮಾನ ಬಂದರೂ ಅವಳನ್ನೇ ಕೇಳಬೇಕು.

ಬಿಟ್ಟು ಹೋಗುವ ಮಾತು

ಇದನ್ನು ಮೊದಲ ದಿನವೇ ಹೇಳು ಅಂದಾಗ ಅವಳು ಒಪ್ಪಲಿಲ್ಲ. "ಅಕ್ಕಾ, ಇನ್ನೂ ಸೇರೇ ಇಲ್ಲ, ಆಗ್ಲೇ ಬಿಡೋದು ಹೇಗೆ ಅಂತ ಹೇಳೋದಾ? ಮದ್ವೆ ಮನೇಲಿ ಡೈವೋರ್ಸ್ ಮಾತಾಡಿದ ಹಾಗಾಗತ್ತೆ."

ನಾನು ಹಟ ಹಿಡಿದೆ. ಪುಕ್ಕಟೆ ಕೆಲಸದ ತಂಡದಲ್ಲಿ ಯಾರೂ ರಾಜೀನಾಮೆ ಕೊಡುವುದಿಲ್ಲ. ಮೊದಲು "ನಾಳೆ ಹಾಕ್ತೀನಿ" ಅನ್ನುತ್ತಾರೆ. ಮುಂದಿನ ವಾರ ಮತ್ತೆ "ನಾಳೆ". ಮೂರನೇ ವಾರ ಮೆಸೇಜ್ ಓದಿಯೂ ಉತ್ತರ ಇಲ್ಲ. ಆಮೇಲೆ ಕಾರಿಡಾರಿನಲ್ಲಿ ಎದುರಾದರೆ ಬೇರೆ ಕಡೆ ನೋಡುತ್ತಾರೆ. ಅವರಿಗೆ ನಾಚಿಕೆ. ಆ ನಾಚಿಕೆಯಲ್ಲಿ ಅವರು ಮಾಡಿದ ಅರ್ಧ ಕೆಲಸವೂ ಅವರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ನಷ್ಟ ಆಗುವುದು ಅದರಿಂದ, ಅವರು ಹೋದದ್ದರಿಂದ ಅಲ್ಲ.

ಕೊನೆಗೆ ಅವಳು ಹೇಳಿದ್ದು ಇಷ್ಟು: "ಯಾರಿಗಾದ್ರೂ ಬಿಡ್ಬೇಕು ಅನ್ಸಿದ್ರೆ ಗ್ರೂಪಲ್ಲಿ ಒಂದು ಮೆಸೇಜ್ ಸಾಕು. ಕಾರಣ ಕೇಳಲ್ಲ. ನಿಮ್ಮ ಹೆಸರು ಗೇಮಲ್ಲಿ ಇರತ್ತೆ, ನೀವು ಏನು ಮಾಡಿದ್ರೋ ಅದರ ಪಕ್ಕ. ಅದಕ್ಕೆ ಒಂದೇ ಕಂಡಿಷನ್. ಪ್ರತಿ ಭಾನುವಾರ ರಾತ್ರಿ ನಿಮ್ಮ ಹತ್ರ ಇರೋದನ್ನೆಲ್ಲ ಎಲ್ರ ಕೆಲಸಾನೂ ಒಂದೇ ಕಡೆ ಕೂಡಿಡೋ ಗಿಟ್‌ಗೆ ಹಾಕ್ಬೇಕು. ಅರ್ಧ ಆಗಿದ್ರೂ, ಕೆಟ್ಟದಾಗಿದ್ರೂ."

ಇದರ ಜೊತೆ ಒಂದು ಪುಟದ ಕಾಗದ. ಇದಕ್ಕೂ ಅವಳಿಗೆ ಸಂಕೋಚ. ಗೆಳೆಯರ ಹತ್ತಿರ ಸಹಿ ಹಾಕಿಸಿಕೊಳ್ಳುವುದಾ ಅಂತ. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮಾತು ನೇರವಾಗಿದೆ. ಸಂಬಳಕ್ಕೆ ಕೆಲಸ ಮಾಡಿದರೆ ಸಾಮಾನ್ಯವಾಗಿ ಹಕ್ಕು ಮಾಲೀಕನಿಗೆ. ಇಲ್ಲಿ ಸಂಬಳವೂ ಇಲ್ಲ, ಮಾಲೀಕನೂ ಇಲ್ಲ. ಹಾಗಾಗಿ ಚಿತ್ರ ಬರೆದವನದೇ ಚಿತ್ರ, ಸದ್ದು ಮಾಡಿದವನದೇ ಸದ್ದು. "ತಂಡ" ಅನ್ನುವುದು ಕಾನೂನಿನ ಕಣ್ಣಿಗೆ ಕಾಣುವುದೇ ಇಲ್ಲ. ಒಬ್ಬ ಕೋಪ ಮಾಡಿಕೊಂಡು "ನನ್ನ ಚಿತ್ರ ತೆಗೀರಿ" ಅಂದರೆ ಗೇಮ್ ಬೋಳಾಗುತ್ತದೆ.

ಹಕ್ಕನ್ನು ಬರೆದುಕೊಡುವುದಾದರೆ ಬರಹದಲ್ಲೇ ಇರಬೇಕು, ಸಹಿ ಇರಬೇಕು. ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇಂಟರ್‌ನೆಟ್‌ಗೆ ಹಾಕುವ ಗೇಮಿಗೆ ಇವೆರಡೂ ಸಾಲದು.

ಅವರು ಹಕ್ಕನ್ನೇ ಬರೆದುಕೊಡಲಿಲ್ಲ. ಬಳಸಲು ಅನುಮತಿ ಮಾತ್ರ ಕೊಟ್ಟರು. ಕಾಗದದಲ್ಲಿ ಕನ್ನಡದಲ್ಲೇ ಹೀಗಿತ್ತು: ನಾನು ಮಾಡಿದ್ದು ನನ್ನದೇ. ಅದನ್ನು ಈ ಗೇಮಿನಲ್ಲಿ ಪ್ರಪಂಚದ ಎಲ್ಲಿ ಬೇಕಾದರೂ, ಹಕ್ಕಿನ ಅವಧಿ ಇರುವಷ್ಟು ಕಾಲ, ನಾನು ತಂಡ ಬಿಟ್ಟ ಮೇಲೂ ಬಳಸಬಹುದು. ಬೇರೆ ಗೇಮಿಗೆ ಬಳಸುವುದಾದರೆ ನನ್ನನ್ನು ಕೇಳಬೇಕು. ಬೇರೆಯವರದ್ದನ್ನು ಕದ್ದು ತಂದಿಲ್ಲ. ಗೇಮ್ ಪುಕ್ಕಟೆ, ದುಡ್ಡಿನ ಮಾತಿಲ್ಲ. ಕೆಳಗೆ ಏಳು ಸಹಿ. ನಾನು ವಕೀಲೆ ಅಲ್ಲ. ದುಡ್ಡು ಬರುವ ಗೇಮ್ ಆಗಿದ್ದರೆ ವಕೀಲರ ಹತ್ತಿರವೇ ಕಳಿಸುತ್ತಿದ್ದೆ.

ಸಹಿ ಹಾಕುವಾಗ ಯಾರೂ ಮುಖ ಗಂಟು ಹಾಕಲಿಲ್ಲ. ಚಿತ್ರದ ಹುಡುಗ ಒಬ್ಬ "ನನ್ನದೇ" ಅನ್ನುವ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದನಂತೆ.

ಉಳಿದ ಎರಡು ಗಂಟೆ

ಮಾತು ಮುಗಿದ ಮೇಲೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಏಳೂ ಲ್ಯಾಪ್‌ಟಾಪಿನಲ್ಲಿ ಗೇಮ್ ಕಟ್ಟುವ ಗೊಡಾಟ್ ಎಂಜಿನ್ ತೆರೆದು, ಒಂದೇ ಪ್ರಾಜೆಕ್ಟ್ ಇಳಿಸಿಕೊಂಡು, ಪರದೆ ಮೇಲೆ ಒಂದು ಚೌಕ ಮೂಡಿಸಿ, ತಮ್ಮ ಹೆಸರು ಸೇರಿಸಿ ಗಿಟ್‌ಗೆ ಹಾಕಬೇಕು. ಅಷ್ಟು ಆದವರಿಗೆ ಕಾಫಿ.

ಈ ಸಂಜೆಯಲ್ಲೇ ಎರಡು ತೊಂದರೆ ಹೊರಬಿದ್ದವು. ಸದ್ದಿನ ಹುಡುಗನ ಹಳೇ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ತೆರೆಯಲೇ ಇಲ್ಲ. ಗೊಡಾಟ್ 4ರಲ್ಲಿ ಚಿತ್ರ ಮೂಡಿಸಲು ಮೂರು ವಿಧಾನ ಇವೆ. ಲೀಡ್ ಮೊದಲೇ ಇದ್ದ Forward+ ಅನ್ನು ಹಾಗೇ ಬಿಟ್ಟಿದ್ದಳು. ಅದಕ್ಕೆ ವಲ್ಕನ್ ಥರದ ಹೊಸ ಗ್ರಾಫಿಕ್ಸ್ ವ್ಯವಸ್ಥೆ ಬೇಕು, ಹಳೇ ಯಂತ್ರಗಳಲ್ಲಿ ಇರುವುದಿಲ್ಲ. ಹಳೇ ಯಂತ್ರಕ್ಕೂ ಆಗುವ Compatibility ಗೆ ಬದಲಿಸಿದ ಕೂಡಲೇ ತೆರೆಯಿತು. ತಮಾಷೆ ಅಂದರೆ, ಬ್ರೌಸರಿನಲ್ಲಿ ಓಡಿಸಲು ಹೇಗೂ Compatibility ಯೇ ಬೇಕಿತ್ತು. ಆ ಹಳೇ ಲ್ಯಾಪ್‌ಟಾಪ್ ಇಲ್ಲದಿದ್ದರೆ ಇದು ಗೊತ್ತಾಗುತ್ತಿದ್ದದ್ದು ಹತ್ತನೇ ವಾರದಲ್ಲಿ.

ಎರಡನೆಯದು ಕನ್ನಡ. ಒಬ್ಬಳು ಪ್ರಾಜೆಕ್ಟ್ ಇಳಿಸಿಕೊಳ್ಳುವ ಮೊದಲು ಒಂದು ಖಾಲಿ ಪ್ರಾಜೆಕ್ಟಿನಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಹಾಕಿ ನೋಡಿದಳು, ಒತ್ತಕ್ಷರ ಪಕ್ಕಕ್ಕೆ ಸರಿದು ಕೂತಿತು. ಅವಳ ಹತ್ತಿರ ಇದ್ದದ್ದು ಗೊಡಾಟ್ 3. ಅದಕ್ಕೆ ನಮ್ಮ ಒತ್ತಕ್ಷರ ಜೋಡಿಸಲು ಬರುವುದಿಲ್ಲ. 2023ರಲ್ಲಿ ಬಂದ 4ಕ್ಕೆ ಬರುತ್ತದೆ. ಹೊಸದು ಹಾಕಿಸಿ, ಎಲ್ಲರಲ್ಲೂ ಒಂದೇ ಆವೃತ್ತಿ ಮಾಡಿದರು.

ಹನ್ನೆರಡು ನಿಮಿಷದಲ್ಲಿ ಏನೇ ಹೇಳಿದ್ದರೂ, ಅವತ್ತು ರಾತ್ರಿ ಏಳೂ ಜನ ಮನೆಗೆ ಹೋಗುವಾಗ ಪ್ರತಿಯೊಬ್ಬರ ಹೆಸರೂ ಗೇಮಿನ ಒಳಗಿತ್ತು. ನನ್ನ ಹಳೇ ತಂಡದಲ್ಲಿ ಇಬ್ಬರು ಕೊನೆಯವರೆಗೂ ಎಂಜಿನ್ ಇನ್‌ಸ್ಟಾಲ್ ಮಾಡಿರಲಿಲ್ಲ.

ಅಜ್ಜಿ ಹಿಡಿದ ತಪ್ಪು

ನಾಲ್ಕನೇ ವಾರ ಸದ್ದಿನ ಹುಡುಗ ಮೆಸೇಜ್ ಹಾಕಿದ: "ಬ್ಯಾಕ್‌ಲಾಗ್ ಇದೆ, ಮನೇಲಿ ಬಯ್ತಿದಾರೆ, ಬಿಡ್ತೀನಿ." ಎಲ್ಲರೂ ಆಲ್ ದಿ ಬೆಸ್ಟ್ ಅಂದರು. ಗಿಟ್‌ನಲ್ಲಿ ಅವನ ಎರಡು ಸದ್ದು ಇದ್ದವು. ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಕವಡೆ ಬೀಳುವ ಸದ್ದು, ಕಾಯಿ ಜರುಗುವ ಸದ್ದು. ಕಾಯಿ ಹೊಡೆದಾಗ ಬೇಕಿದ್ದದ್ದು ಇರಲಿಲ್ಲ. ಕಾಯಿ ಜರುಗುವ ಸದ್ದನ್ನೇ ಜೋರು ಮಾಡಿ ಹಾಕಿಕೊಂಡರು. ಅಷ್ಟಕ್ಕೆ ಮುಗಿಯಿತು. ಬಿಡುವ ಮಾತು ಮೊದಲೇ ಆಡಿದ್ದಕ್ಕೆ ಸಿಕ್ಕ ಲಾಭ ಇಷ್ಟೇ, ಆದರೆ ಇದು ಸಣ್ಣದಲ್ಲ.

ಐದನೇ ವಾರದ ಹೊತ್ತಿಗೆ ಆಟ ಆಡುವ ಹಾಗಾಯಿತು. ಕಾಲೇಜಿನಲ್ಲಿ ಆಡಿದವರೆಲ್ಲ "ಸಖತ್ ಫಾಸ್ಟ್ ಆಗಿದೆ" ಅಂದರು. ಮೊದಲ ವರ್ಷದ ಹುಡುಗಿ ಲ್ಯಾಪ್‌ಟಾಪನ್ನು ಟಿ. ನರಸೀಪುರಕ್ಕೆ ಅಜ್ಜಿ ಮನೆಗೆ ಒಯ್ದಳು. ಅಜ್ಜಿ ಎರಡು ಆಟ ಆಡಿ, ಕನ್ನಡಕ ತೆಗೆದು ಹೇಳಿದರಂತೆ: "ಕವಡೆ ಸುಳ್ಳು ಹೇಳ್ತೈತೆ ಕಣವ್ವ. ಬಾರ ಇಷ್ಟೊಂದು ಬೀಳಕಿಲ್ಲ."

ಅವಳು ನಿಯಮದ ಪುಟ ತೆಗೆದು ನೋಡಿದಳು. ನಿಯಮ ಸರಿ ಇತ್ತು. ಕೋಡ್ ತೆಗೆಸಿ ನೋಡಿದಳು. ಹೀಗಿತ್ತು:

```gdscript
var score = [1, 2, 3, 4, 8].pick_random()
```

ಐದು ಸಂಖ್ಯೆಯಲ್ಲಿ ಒಂದನ್ನು ಸುಮ್ನೆ ಎತ್ತುವುದು. ಅಂದರೆ ಐದರಲ್ಲಿ ಒಂದು ಸಲ ಬಾರ. ಆದರೆ ಬಾರ ಬೀಳಬೇಕಾದರೆ ನಾಲ್ಕೂ ಕವಡೆ ಬೋರಲು ಬೀಳಬೇಕು. ಕವಡೆ ಅಂಗಾತವೋ ಬೋರಲೋ ಬೀಳುವುದು ಸಮ ಅಂತ ಇಟ್ಟುಕೊಂಡರೆ ಅದು 16ರಲ್ಲಿ ಒಂದು ಸಲ ಮಾತ್ರ. ಚೌಕವೂ ಅಷ್ಟೇ. ಜಾಸ್ತಿ ಬೀಳುವುದು ಎರಡು, 16ರಲ್ಲಿ ಆರು ಸಲ. ಸರಿಪಡಿಸಿದ್ದು ಹೀಗೆ:

```gdscript
var mouths := 0
for i in 4:
    mouths += randi_range(0, 1)
var score := 8 if mouths == 0 else mouths
```

ತಪ್ಪು ಎಷ್ಟು ದೊಡ್ಡದು ಅಂತ ನೋಡಿ. ಹಳೇ ಕೋಡಿನಲ್ಲಿ ಒಂದು ಸಲಕ್ಕೆ ಸರಾಸರಿ 3.6 ಮನೆ ಬೀಳುತ್ತಿತ್ತು. ಸರಿಯಾದದ್ದರಲ್ಲಿ 2.5. ಅದರ ಮೇಲೆ ಚೌಕ, ಬಾರಕ್ಕೆ ಇನ್ನೊಂದು ಸಲ ಹಾಕುವುದು ಇದೆ. ಹಳೆಯದರಲ್ಲಿ ಅದು ಐದರಲ್ಲಿ ಎರಡು ಸಲ ಸಿಗುತ್ತಿತ್ತು, ಈಗ ಎಂಟರಲ್ಲಿ ಒಂದು. ಎರಡೂ ಸೇರಿದರೆ ಹಳೆಯದರಲ್ಲಿ ಒಬ್ಬರ ಸರದಿಗೆ ಸರಾಸರಿ ಆರು ಮನೆ, ಹೊಸದರಲ್ಲಿ ಮೂರಕ್ಕೂ ಸ್ವಲ್ಪ ಕಮ್ಮಿ. ಆಟ ಎರಡು ಪಟ್ಟು ವೇಗವಾಗಿ ಓಡುತ್ತಿತ್ತು. "ಫಾಸ್ಟ್ ಆಗಿದೆ" ಅಂತ ಮೆಚ್ಚಿದ್ದು ಈ ತಪ್ಪನ್ನೇ.

ನಿಜವಾದ ಕವಡೆ ನಾಣ್ಯದ ಹಾಗೆ ಸಮ ಬೀಳುವುದಿಲ್ಲ, ಬೆನ್ನು ಉಬ್ಬಿರುತ್ತದೆ. ಹಾಗಾಗಿ ಈ ಅರ್ಧ-ಅರ್ಧವೂ ಒಂದು ಅಂದಾಜೇ. ಆದರೆ ಅಜ್ಜಿ ಮುಂದಿನ ಸಲ ಆಡಿ ಏನೂ ಅನ್ನಲಿಲ್ಲ.

ತೊಂದರೆ ಬಂದದ್ದು ಕಾಲೇಜಿನಲ್ಲಿ. ಸರಿಪಡಿಸಿದ ಆಟ ಎಲ್ಲರಿಗೂ ನಿಧಾನ ಅನಿಸಿತು. ಒಬ್ಬರ ನಾಲ್ಕು ಕಾಯಿಗೆ 96 ಹೆಜ್ಜೆ. ಸರದಿಗೆ ಮೂರಕ್ಕಿಂತ ಕಮ್ಮಿ ಅಂದರೆ, ಒಂದೂ ಕಾಯಿ ಹೊಡೆಸಿಕೊಳ್ಳದಿದ್ದರೂ ಮೂವತ್ತಕ್ಕೂ ಹೆಚ್ಚು ಸರದಿ. ಕೋಡಿನ ಹುಡುಗ ಹಳೆಯದೇ ಇರಲಿ ಅಂದ. ಚಿತ್ರದ ಇಬ್ಬರೂ ಅವನ ಕಡೆ. ಮೊದಲ ವರ್ಷದ ಹುಡುಗಿ ಒಬ್ಬಳೇ, "ಅದು ಚೌಕಾಬಾರ ಅಲ್ಲ" ಅಂತ.

ಹತ್ತು ನಿಮಿಷದ ಮಾತು ಇಪ್ಪತ್ತೈದು ನಿಮಿಷ ಆಯಿತು. ವೋಟ್ ಹಾಕಿದ್ದರೆ ಸುಳ್ಳು ಕವಡೆ ಗೆಲ್ಲುತ್ತಿತ್ತು. ಲೀಡ್ ತೀರ್ಮಾನ ಹೇಳಿದಳು: ಕವಡೆ ನಿಜದ್ದೇ ಇರಲಿ, ಕಾಯಿ ಕಮ್ಮಿ ಮಾಡೋಣ. ಆಟ ಶುರುವಾಗುವಾಗ ನಾಲ್ಕು ಕಾಯಿಯಾ ಎರಡು ಕಾಯಿಯಾ ಅಂತ ಕೇಳುವುದು. ಎರಡಾದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಅವಳೇ ಬರೆದ "ಸೆಟ್ಟಿಂಗ್ಸ್ ಇಲ್ಲ" ಎಂಬ ಸಾಲನ್ನು ಅವಳೇ ಮುರಿದಳು. ಅದನ್ನು ಕೋಡಿನ ಹುಡುಗ ಎತ್ತಿ ತೋರಿಸಿದ, ಸರಿಯಾಗೇ ತೋರಿಸಿದ. ಒಂದು ವಾರ ಅವನ ಮುಖ ಊದಿಕೊಂಡಿತ್ತು. ಕೆಲಸ ಮಾತ್ರ ನಿಲ್ಲಿಸಲಿಲ್ಲ. ಕಾಯಿಗಳ ಸಂಖ್ಯೆ ಕೋಡಿನಲ್ಲಿ ಒಂದೇ ಕಡೆ ಇತ್ತು, ಬದಲಿಸಲು ಅವನಿಗೆ ಒಂದು ಸಂಜೆ ಸಾಕಾಯಿತು.

ಭಾಷಣದಲ್ಲಿ ಇಲ್ಲದ್ದು

ಒಂದು ತಪ್ಪು ನನ್ನದು. ಆಟವನ್ನು ಹೊರಗಿನವರ ಕೈಗೆ ಯಾವಾಗ ಕೊಡಬೇಕು ಅಂತ ನಾವು ಗುರುವಾರ ರಾತ್ರಿ ಮಾತಾಡಲೇ ಇಲ್ಲ. ಆ ಹುಡುಗಿ ಊರಿಗೆ ಹೋಗಿದ್ದು ರಜೆ ಇತ್ತು ಅಂತ, ಪರೀಕ್ಷೆ ಮಾಡಲು ಅಲ್ಲ. ಅವಳು ಹೋಗದಿದ್ದರೆ ಸುಳ್ಳು ಕವಡೆಯೇ ಹೊರಗೆ ಬರುತ್ತಿತ್ತು. ಉಳಿದ ಆರು ಜನ ಪ್ರತಿ ದಿನ ಅದೇ ಆಟ ಆಡಿ ಅದೇ ಸರಿ ಅಂತ ಅಭ್ಯಾಸ ಮಾಡಿಕೊಂಡಿದ್ದರು.

ಹತ್ತನೇ ವಾರದ ಶನಿವಾರ ಐದಕ್ಕೆ ಹಾಕಬೇಕಿದ್ದದ್ದು ಐದೂ ಮುಕ್ಕಾಲಿಗೆ ಹೋಯಿತು. ಬ್ರೌಸರಿನಲ್ಲಿ ಮೊದಲ ಸಲ ತೆರೆದಾಗ ಸದ್ದೇ ಬರಲಿಲ್ಲ. ಆಡುವವರು ಒಮ್ಮೆ ಒತ್ತುವ ತನಕ ಬ್ರೌಸರ್ ಸದ್ದು ಬಿಡುವುದಿಲ್ಲ. ಅದಕ್ಕೆ ಮುಂದೆ ಒಂದು "ಶುರು ಮಾಡಿ" ಗುಂಡಿ ಇಟ್ಟರು. ಗೆದ್ದಾಗ ಕಾಯಿ ಕುಣಿಯಬೇಕಿತ್ತು, ಅದನ್ನು ಕೈಬಿಟ್ಟರು.

ಕೊನೇ ಪರದೆಯಲ್ಲಿ ಏಳು ಹೆಸರು, ಒಂದೊಂದರ ಪಕ್ಕ ಅವರವರು ಮಾಡಿದ್ದು. ಬಿಟ್ಟು ಹೋದ ಹುಡುಗನ ಹೆಸರಿನ ಪಕ್ಕ "ಕವಡೆ ಸದ್ದು, ಕಾಯಿ ಸದ್ದು" ಅಂತ ಇತ್ತು. ಅವನು ಅವತ್ತು ಸಂಜೆ ಗ್ರೂಪಿಗೆ ಒಂದು ಫೈಲ್ ಕಳಿಸಿದ. ಕಾಯಿ ಹೊಡೆದಾಗ ಬರಬೇಕಿದ್ದ ಸದ್ದು. ಸೋಮವಾರ ಅದನ್ನು ಸೇರಿಸಿ ಮತ್ತೆ ಹಾಕಿದರು.

ಈ ಸೆಮಿಸ್ಟರ್ ಅವಳು ಹೊಸ ತಂಡ ಕಟ್ಟುತ್ತಿದ್ದಾಳೆ. ಭಾಷಣದ ಕಾಗದ ನನಗೆ ಕಳಿಸಿದಳು, ಈ ಸಲ ಒಂದೇ ಪುಟ. ಹಳೆಯದೇ, ಒಂದು ಸಾಲು ಸೇರಿದೆ: "ಐದನೇ ವಾರ ಎಲ್ರೂ ಮನೆಗೆ ಹೋಗಿ, ಗೇಮ್ ಮಾಡಕ್ಕೆ ಬರದೇ ಇರೋ ಒಬ್ರ ಹತ್ರ ಆಡಿಸ್ಕೊಂಡು ಬನ್ನಿ. ಅವ್ರು ಆಡೋವಾಗ ನೀವು ಬಾಯಿ ಬಿಡ್ಬೇಡಿ."